ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಯಾಕೆ ಹೋಗುತ್ತೆ? ಐಮ್ಯಾಪ್, ಪಾಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಅಂಗಡಿ, ಮಂಡಿ, ಹೋಂಸ್ಟೇಗಳವರು ನಮ್ಮಲ್ಲಿ ಜಾಸ್ತಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಬಹಳ ಜನರದ್ದು ಒಂದೇ ಪರಿಸ್ಥಿತಿ. ಸ್ವಂತ ಹೆಸರಿನ ಡೊಮೇನಿನಲ್ಲಿ ಒಂದು ಮೇಲ್ ವಿಳಾಸ ಇರುತ್ತದೆ. ಅದನ್ನು ಯಜಮಾನರ ಫೋನಿನಲ್ಲೂ ನೋಡುತ್ತಾರೆ, ಆಫೀಸಿನ ಕಂಪ್ಯೂಟರಿನಲ್ಲೂ ನೋಡುತ್ತಾರೆ. ಆ ಎರಡರಲ್ಲಿ ಸೆಟ್ಟಿಂಗ್ ಮಾಡಿಕೊಟ್ಟವರು ಮಾತ್ರ ಬೇರೆ ಬೇರೆ. ಐಮ್ಯಾಪ್, ಪಾಪ್ ಅಂದರೆ ನಿಮಗೆ ಬಂದ ಮೇಲ್ ಅನ್ನು ಸರ್ವರಿನಿಂದ, ಅಂದರೆ ಮೇಲ್ ಸೇವೆ ಕೊಡುವವರ ಕಂಪ್ಯೂಟರಿನಿಂದ, ನಿಮ್ಮ ಫೋನಿಗೆ, ಕಂಪ್ಯೂಟರಿಗೆ ತರುವ ಎರಡು ವಿಧಾನಗಳು.

ಫೋನಿನಲ್ಲಿ ಜಾಗ ಇಲ್ಲ ಅಂತ ಹಳೇ ಮೇಲ್ ಅಳಿಸಿದೆ. ಆಫೀಸ್ ಕಂಪ್ಯೂಟರಿನಲ್ಲೂ ಹೋಗಿಬಿಟ್ಟಿದೆ. ಯಾಕೆ?

ಎರಡೂ ಕಡೆ ಐಮ್ಯಾಪ್ ಇದೆ, ಅದಕ್ಕೆ. ಐಮ್ಯಾಪ್‌ನಲ್ಲಿ ಮೇಲ್‌ನ ಅಸಲು ಪ್ರತಿ ಇರುವುದು ಸರ್ವರಿನಲ್ಲಿ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ನಿಮಗೆ ಕಾಣುವುದು ಅದರ ನಕಲು. ಮಂಡಿಯಲ್ಲಿ ರೋಕಡ ಪುಸ್ತಕ ಒಂದೇ ಇರುತ್ತದಲ್ಲ, ಗುಮಾಸ್ತರು ಒಂದು ಸಾಲು ಹೊಡೆದುಹಾಕಿದರೆ ಯಜಮಾನರು ತೆರೆದಾಗಲೂ ಅದು ಹೊಡೆದೇ ಇರುತ್ತದೆ. ಇದೂ ಹಾಗೆ.

ನೀವು ಫೋನಿನಲ್ಲಿ ಡಿಲೀಟ್ ಒತ್ತಿದಾಗ ಫೋನ್ ತನ್ನ ನಕಲನ್ನು ಮಾತ್ರ ತೆಗೆದು ಸುಮ್ಮನಾಗುವುದಿಲ್ಲ. "ಈ ಮೇಲ್ ಅನ್ನು ಟ್ರ್ಯಾಶ್‌ಗೆ ಹಾಕು" ಎಂದು ಸರ್ವರಿಗೆ ಹೇಳುತ್ತದೆ. ಸರ್ವರ್ ಹಾಕುತ್ತದೆ. ಆಮೇಲೆ ಆಫೀಸ್ ಕಂಪ್ಯೂಟರ್ ಸರ್ವರನ್ನು ವಿಚಾರಿಸಿ, ಇನ್‌ಬಾಕ್ಸ್‌ನಲ್ಲಿ ಆ ಮೇಲ್ ಇಲ್ಲ ಎಂದು ಗೊತ್ತಾದ ಕೂಡಲೇ ತನ್ನ ಪಟ್ಟಿಯಿಂದಲೂ ತೆಗೆಯುತ್ತದೆ. ಓದಿದ ಗುರುತು, ನಕ್ಷತ್ರದ ಗುರುತು, ಫೋಲ್ಡರ್ ಬದಲಾವಣೆ, ಎಲ್ಲವೂ ಹೀಗೇ ಎರಡೂ ಕಡೆ ಒಂದೇ ಆಗುತ್ತವೆ. ಇದು ದೋಷ ಅಲ್ಲ. ಐಮ್ಯಾಪ್ ಇರುವುದೇ ಇದಕ್ಕೆ.

ಒಂದು ಸಮಾಧಾನ ಇದೆ. ಅಳಿಸಿದ್ದು ಮೊದಲು ಟ್ರ್ಯಾಶ್ ಫೋಲ್ಡರಿಗೆ ಹೋಗಿರುತ್ತದೆ. ಯಾವುದಾದರೂ ಒಂದು ಕಡೆಯಿಂದ ಅದನ್ನು ತೆರೆದು, ಮೇಲ್‌ಗಳನ್ನು ಇನ್‌ಬಾಕ್ಸ್‌ಗೆ ಹಾಕಿದರೆ ಎರಡೂ ಕಡೆ ವಾಪಸ್ ಬರುತ್ತವೆ. ತಡ ಮಾಡಬೇಡಿ. ಜಿಮೇಲ್ ಟ್ರ್ಯಾಶ್ ಅನ್ನು 30 ದಿನಕ್ಕೆ ಖಾಲಿ ಮಾಡುತ್ತದೆ. ಸ್ವಂತ ಡೊಮೇನಿನ ಸರ್ವರ್ ಆದರೆ ಆ ಅವಧಿ ಸರ್ವರ್ ನಡೆಸುವವರಿಗೆ ಬಿಟ್ಟದ್ದು.

ಹಾಗಾದರೆ ಫೋನಿನಲ್ಲಿ ಜಾಗ ಮಾಡಿಕೊಳ್ಳೋದು ಹೇಗೆ?

ಫೋನಿನ ಮೇಲ್ ಆ್ಯಪ್‌ನಲ್ಲಿ ಎಷ್ಟು ದಿನದ ಮೇಲ್ ಇಳಿಸಿಕೊಳ್ಳಬೇಕು ಎಂಬ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಅದನ್ನು ಒಂದು ತಿಂಗಳಿಗೆ ಇಳಿಸಿ. ಹಳೆಯವು ಫೋನಿನಿಂದ ಹೋಗುತ್ತವೆ, ಸರ್ವರಿನಲ್ಲಿ ಹಾಗೇ ಇರುತ್ತವೆ. ಅಷ್ಟಕ್ಕೂ ಆಗಲಿಲ್ಲ ಅಂದರೆ ಫೋನಿನಿಂದ ಆ ಅಕೌಂಟನ್ನೇ ತೆಗೆದು ಮತ್ತೆ ಸೇರಿಸಿ. ಐಮ್ಯಾಪ್ ಅಕೌಂಟನ್ನು ಫೋನಿನಿಂದ ತೆಗೆದರೆ ಸರ್ವರಿನಲ್ಲಿರುವ ಒಂದು ಮೇಲ್ ಕೂಡ ಅಳಿಯುವುದಿಲ್ಲ. ಜನ ಹೆದರುವುದು ಇದಕ್ಕೆ, ಧೈರ್ಯವಾಗಿ ಮಾಡುವುದು ಡಿಲೀಟ್. ಆಗಬೇಕಾದ್ದು ಇದರ ಉಲ್ಟಾ.

ಪಾಪ್‌ನಲ್ಲಿ ಏನು ಬೇರೆ?

ಪಾಪ್‌ಗೆ ಫೋಲ್ಡರ್ ಗೊತ್ತಿಲ್ಲ. ಓದಿದ್ದು, ಓದದ್ದು ಎಂಬುದೂ ಗೊತ್ತಿಲ್ಲ. ಅದು ಇನ್‌ಬಾಕ್ಸ್ ಒಂದನ್ನೇ ನೋಡುತ್ತದೆ. ಅಲ್ಲಿರುವ ಮೇಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಬೇಕಾದರೆ ಸರ್ವರಿನಿಂದ ಅಳಿಸಿ ಹೊರಡುತ್ತದೆ. ಇಳಿಸಿಕೊಂಡ ಮೇಲೆ ಕಂಪ್ಯೂಟರಿನಲ್ಲಿರುವುದು ಪೂರ್ತಿ ನಿಮ್ಮದು. ಅದನ್ನು ಯಾವ ಫೋಲ್ಡರಿಗೆ ಹಾಕಿದಿರಿ ಎಂಬುದು ಸರ್ವರಿಗೆ ತಿಳಿಯುವುದೇ ಇಲ್ಲ.

ಹಾಗಾಗಿ "ಪಾಪ್‌ನಲ್ಲಿ ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಏನೂ ಆಗಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಇದು ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ತೀರ್ಮಾನಿಸುವುದು ಮೂರು ಟಿಕ್‌ಗಳು. ಕಂಪ್ಯೂಟರಿನಲ್ಲಿ ಮೇಲ್ ನೋಡುವ ಪ್ರೋಗ್ರಾಮ್ ಆದ ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್ ತೆರೆದು `Server Settings` ಒತ್ತಿದರೆ ಪಾಪ್ ಅಕೌಂಟಿಗೆ ಇವು ಕಾಣುತ್ತವೆ:

```
Leave messages on server
   For at most 14 days
   Until I delete them
```

ಮೊದಲನೆಯ ಟಿಕ್ ಇಲ್ಲದಿದ್ದರೆ ಇಳಿಸಿಕೊಂಡ ತಕ್ಷಣ ಸರ್ವರ್ ಖಾಲಿ. ಎರಡನೆಯದು ಇದ್ದರೆ ಅಷ್ಟು ದಿನ ಬಿಟ್ಟು ಅಳಿಸುತ್ತದೆ. ಮೂರನೆಯದು ಇದ್ದರೆ ನೀವು ಕಂಪ್ಯೂಟರಿನಲ್ಲಿ ಅಳಿಸಿದಾಗ ಸರ್ವರಿನಿಂದಲೂ ಹೋಗುತ್ತದೆ. ಔಟ್‌ಲುಕ್‌ನಲ್ಲೂ ಮಾತು ಸ್ವಲ್ಪ ಬೇರೆ, ವಿಷಯ ಇದೇ. ಅಲ್ಲಿಯೂ ತಾನಾಗೇ ಬಂದಿರುವ ಸಂಖ್ಯೆ 14. ಈ 14ರಿಂದ ಆಗುವ ತಾಪತ್ರಯ ಮುಂದಿನ ಉತ್ತರದಲ್ಲಿದೆ.

ನಾವು ಯಾರೂ ಡಿಲೀಟ್ ಮಾಡಿಲ್ಲ. ಆದರೂ ಫೋನಿನಿಂದ ಹಳೇ ಮೇಲ್ ಮಾಯ ಆಗ್ತಿವೆ. ಯಾರ ಕೆಲಸ?

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಹೋಂಸ್ಟೇಯ ಸಂಗತಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಯಜಮಾನರ ಫೋನಿನಲ್ಲಿ ಐಮ್ಯಾಪ್. ಮನೆಯ ಜಗಲಿಯ ಪಕ್ಕದ ಆಫೀಸ್ ಕೋಣೆಯ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್, ಅದು ಯಾವ ಕಾಲದಲ್ಲೋ ಹಾಕಿದ್ದ ಪಾಪ್. ಏಪ್ರಿಲ್ 2ರಂದು ಬೆಂಗಳೂರಿನ ಒಬ್ಬರು ಮೇ ತಿಂಗಳಿಗೆ ಎರಡು ಕೋಣೆ ಬೇಕು ಎಂದು ಬರೆದರು. ಎಷ್ಟು ಜನ, ಯಾರಿಗೆ ಬಿಸಿನೀರು ಬೇಕು, ಅಡ್ವಾನ್ಸ್ ಎಷ್ಟು ಕಳಿಸಿದ್ದೇವೆ, ಎಲ್ಲ ಆ ಮೇಲ್‌ನಲ್ಲೇ ಇತ್ತು. ಯಜಮಾನರು ಫೋನಿನಲ್ಲಿ ಓದಿ ಉತ್ತರ ಕೊಟ್ಟರು.

ಏಪ್ರಿಲ್ ಕೊನೆಗೆ ಅವರು ಸಾಮಾನು ತರಲು ಶಿವಮೊಗ್ಗಕ್ಕೆ ಬಂದಿದ್ದಾಗ ಆ ಅತಿಥಿ ಫೋನ್ ಮಾಡಿದರು. ಫೋನಿನಲ್ಲಿ ಹುಡುಕಿದರೆ ಆ ಮೇಲ್ ಇಲ್ಲ. ಟ್ರ್ಯಾಶ್‌ನಲ್ಲೂ ಇಲ್ಲ. ಮನೆಯಲ್ಲಿ ಅನುಮಾನ ಬಿದ್ದದ್ದು ಕೆಲಸಕ್ಕಿದ್ದ ಹುಡುಗನ ಮೇಲೆ. ಪಾಪ, ಅವನಿಗೆ ಆ ಕಂಪ್ಯೂಟರಿನ ಪಾಸ್‌ವರ್ಡೇ ಗೊತ್ತಿರಲಿಲ್ಲ!

ಆದದ್ದು ಇಷ್ಟು. ಏಪ್ರಿಲ್ 2ರಂದೇ ಆಫೀಸ್ ಕಂಪ್ಯೂಟರ್ ಆ ಮೇಲ್ ಅನ್ನು ಪಾಪ್‌ನಲ್ಲಿ ಇಳಿಸಿಕೊಂಡಿತ್ತು. ಅದರಲ್ಲಿ `For at most 14 days` ಟಿಕ್ ಆಗಿತ್ತು. 14 ದಿನ ಕಳೆದ ಮೇಲೆ ಯಾರೋ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರು. ಥಂಡರ್‌ಬರ್ಡ್ ಹೊಸ ಮೇಲ್ ತರಲು ಸರ್ವರಿಗೆ ಹೋದಾಗ, ಅವಧಿ ಮುಗಿದ ಹಳೆಯದನ್ನು ಅಳಿಸು ಎಂದು ಹೇಳಿ ಬಂತು. ಫೋನ್ ಮುಂದಿನ ಸಲ ಸರ್ವರ್ ನೋಡಿದಾಗ ಅಸಲು ಪ್ರತಿ ಅಲ್ಲಿರಲಿಲ್ಲ. ತನ್ನ ನಕಲನ್ನೂ ತೆಗೆದುಹಾಕಿತು. ಎರಡು ಯಂತ್ರಗಳೂ ತಮಗೆ ಹೇಳಿದ್ದನ್ನೇ ಸರಿಯಾಗಿ ಮಾಡಿವೆ.

ಮೇಲ್ ಕಳೆದಿರಲಿಲ್ಲ. ಆಫೀಸ್ ಕಂಪ್ಯೂಟರಿನಲ್ಲಿ ಭದ್ರವಾಗಿತ್ತು. ಯಜಮಾನರು ಅಲ್ಲಿ ನೋಡುವುದನ್ನೇ ಬಿಟ್ಟಿದ್ದರು, ಅಷ್ಟೇ.

ಇದು ಪಾಪ್‌ದೇ ಕೆಲಸ ಅಂತ ಗುರುತಿಸೋದು ಹೇಗೆ?

ಮೊದಲು ಬ್ರೌಸರಿನಲ್ಲಿ ವೆಬ್‌ಮೇಲ್ ತೆರೆಯಿರಿ. ಅಲ್ಲಿ ಕಾಣುವುದು ಸರ್ವರಿನಲ್ಲಿ ನಿಜವಾಗಿ ಇರುವುದು. ಫೋನ್ ನೋಡಿ ಊಹೆ ಮಾಡಬೇಡಿ. ಅಲ್ಲಿ ಇನ್‌ಬಾಕ್ಸ್‌ನ ಕೊನೆಗೆ ಹೋಗಿ, ಎಲ್ಲಕ್ಕಿಂತ ಹಳೆಯ ಮೇಲ್ ಯಾವ ತಾರೀಖಿನದು ನೋಡಿ. ಸುಮಾರು ಎರಡು ವಾರದ ಹಿಂದಿನದು, ಅದಕ್ಕಿಂತ ಹಳೆಯದು ಒಂದೂ ಇಲ್ಲ ಅಂದರೆ ಬಹುಪಾಲು ಉತ್ತರ ಸಿಕ್ಕಿತು. ಮನುಷ್ಯರು ಅಳಿಸಿದರೆ ಅಲ್ಲೊಂದು ಇಲ್ಲೊಂದು ಹೋಗುತ್ತದೆ. ಹೀಗೆ ಕತ್ತರಿಸಿದ ಹಾಗೆ ಹೋಗುವುದು ಗಡುವಿನಿಂದ.

ಎರಡನೆಯ ಗುರುತು ಟ್ರ್ಯಾಶ್. ಐಮ್ಯಾಪ್‌ನಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಟ್ರ್ಯಾಶ್‌ನಲ್ಲಿ ಬಿದ್ದಿರುತ್ತದೆ. ಪಾಪ್‌ಗೆ ಟ್ರ್ಯಾಶ್ ಎಂಬ ಫೋಲ್ಡರೇ ಗೊತ್ತಿಲ್ಲದ ಕಾರಣ, ಅದು ಅಳಿಸಿದ್ದು ಅಲ್ಲಿಗೆ ಬರದೆ ನೇರವಾಗಿ ಹೋಗುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ನಂಬಿಕೆಯ ಗುರುತು. ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರುಗಳನ್ನು ನೋಡಿ. ಆ ಹೋಂಸ್ಟೇಯವರು ಕೆಲವು ಮೇಲ್‌ಗಳನ್ನು ಫೋನಿನಲ್ಲೇ 'ಅಡ್ವಾನ್ಸ್ ಬಂದಿದ್ದು' ಎಂಬ ಫೋಲ್ಡರಿಗೆ ಹಾಕಿದ್ದರು. ಅವು ಜನವರಿಯಿಂದಲೂ ಹಾಗೇ ಇದ್ದವು. ಅವರೇ ಕಳಿಸಿದ ಉತ್ತರಗಳೂ ಸೆಂಟ್ ಫೋಲ್ಡರಿನಲ್ಲಿ ಇದ್ದವು. ಪಾಪ್ ಕೈ ಹಾಕುವುದು ಇನ್‌ಬಾಕ್ಸ್‌ಗೆ ಮಾತ್ರ. ಹಾಗಾಗಿ ಇನ್‌ಬಾಕ್ಸ್ ಮಾತ್ರ ಬೋಳಾಗಿ ಉಳಿದದ್ದೆಲ್ಲ ಸರಿ ಇದ್ದರೆ, ಎಲ್ಲೋ ಒಂದು ಕಡೆ ಪಾಪ್ ಅಕೌಂಟ್ ಇದೆ ಎಂದೇ ಲೆಕ್ಕ.

ಎಲ್ಲಿ? ಹುಡುಕಬೇಕಾದ್ದು ಮರೆತ ಜಾಗಗಳಲ್ಲಿ. ಮಗಳ ಹಳೇ ಲ್ಯಾಪ್‌ಟಾಪ್, ಲೆಕ್ಕ ಬರೆಯುವವರ ಕಂಪ್ಯೂಟರ್, ಅಟ್ಟಕ್ಕೆ ಹಾಕದೆ ಮೂಲೆಯಲ್ಲಿ ಉಳಿದ ಡೆಸ್ಕ್‌ಟಾಪ್. ಆಫ್ ಆಗಿರುವ ಕಂಪ್ಯೂಟರ್ ಏನನ್ನೂ ಅಳಿಸಲಾರದು. ಅದು ಆನ್ ಆಗಿ ಮೇಲ್ ತರಲು ಹೋದ ದಿನವೇ ಅಳಿಸುವುದು. ಆದ್ದರಿಂದ ಮೇಲ್ ಮಾಯವಾದ ದಿನ ಯಾವ ಕಂಪ್ಯೂಟರ್ ಆನ್ ಆಗಿತ್ತು ಎಂದು ಕೇಳಿದರೆ ಬೇಗ ಸಿಗುತ್ತದೆ. ಏನೂ ಗೊತ್ತಾಗದಿದ್ದರೆ ಮೇಲ್ ಪಾಸ್‌ವರ್ಡ್ ಬದಲಾಯಿಸಿ. ಎಲ್ಲಿ ಹೊಸ ಪಾಸ್‌ವರ್ಡ್ ಕೇಳುತ್ತದೋ ಅವೆಲ್ಲ ನಿಮ್ಮ ಮೇಲ್‌ಗೆ ಸೇರಿಕೊಂಡ ಯಂತ್ರಗಳು.

ಹೋದ ಮೇಲ್‌ಗಳನ್ನು ಸರ್ವರಿಗೆ ವಾಪಸ್ ಹಾಕಿ, ಎಲ್ಲಾ ಕಡೆ ಐಮ್ಯಾಪ್ ಮಾಡಿಕೊಳ್ಳಬಹುದಾ?

ಆಗುತ್ತದೆ. ಆದರೆ ಕ್ರಮ ತಪ್ಪಿದರೆ ಹಾಕಿದ್ದೆಲ್ಲ ಮತ್ತೆ ಹೋಗುತ್ತದೆ. ಥಂಡರ್‌ಬರ್ಡ್ ಲೆಕ್ಕದಲ್ಲಿ ಹೇಳುತ್ತೇನೆ.

ಮೊದಲು ಪಾಪ್ ಅಕೌಂಟನ್ನು ಸುಮ್ಮನಿರಿಸಿ. ಅದರ `Server Settings`ನಲ್ಲಿ `Leave messages on server` ಟಿಕ್ ಹಾಕಿ, ಅದರ ಕೆಳಗಿನ ಎರಡೂ ಟಿಕ್ ತೆಗೆಯಿರಿ. ಅಲ್ಲೇ ಮೇಲೆ, ಶುರುವಾದಾಗ ಮೇಲ್ ನೋಡು, ಇಷ್ಟು ನಿಮಿಷಕ್ಕೊಮ್ಮೆ ನೋಡು ಎಂಬ ಟಿಕ್‌ಗಳು ಇವೆ. ಅವನ್ನೂ ತೆಗೆಯಿರಿ. ಇದನ್ನು ಯಾಕೆ ಮೊದಲು ಮಾಡಬೇಕು ಅಂದರೆ, ನೀವು ಸರ್ವರಿಗೆ ಹಾಕುವ ಹಳೇ ಮೇಲ್ ಪಾಪ್‌ನ ಕಣ್ಣಿಗೆ ಹೊಸ ಮೇಲ್. ಅದು ಇನ್ನೊಂದು ಪ್ರತಿ ಇಳಿಸಿಕೊಳ್ಳುತ್ತದೆ, 14ರ ಗಡುವು ಇದ್ದರೆ ಎರಡು ವಾರ ಬಿಟ್ಟು ಎಲ್ಲವನ್ನೂ ಮತ್ತೆ ಅಳಿಸುತ್ತದೆ. ಅಷ್ಟು ಹೊತ್ತಿಗೆ ನೀವು ಎಲ್ಲ ಸರಿಯಾಯಿತು ಎಂದುಕೊಂಡು ಮರೆತಿರುತ್ತೀರಿ.

ಆಮೇಲೆ ಒಂದು ಪ್ರತಿ ಪೆನ್‌ಡ್ರೈವ್‌ಗೆ ತೆಗೆದಿಡಿ. `Help` ಮೆನುವಿನ `Troubleshooting Information`ನಲ್ಲಿ ಪ್ರೊಫೈಲ್ ಫೋಲ್ಡರ್ ತೆರೆಯುವ ಬಟನ್ ಇದೆ. ಆ ಫೋಲ್ಡರ್ ಎಲ್ಲಿದೆ ನೋಡಿಕೊಂಡು, ಥಂಡರ್‌ಬರ್ಡ್ ಮುಚ್ಚಿ, ಇಡೀ ಫೋಲ್ಡರನ್ನು ನಕಲು ಮಾಡಿ.

ಈಗ ಅದೇ ವಿಳಾಸವನ್ನು ಐಮ್ಯಾಪ್ ಆಗಿ ಇನ್ನೊಂದು ಅಕೌಂಟ್ ಸೇರಿಸಿ. ಇರುವ ಪಾಪ್ ಅಕೌಂಟನ್ನೇ ತಿದ್ದಿ ಐಮ್ಯಾಪ್ ಮಾಡಲು ಬರುವುದಿಲ್ಲ. ಐಮ್ಯಾಪ್ ಪೋರ್ಟ್ 993, ಪಾಪ್ ಆದರೆ 995. ಸೆಟ್ಟಿಂಗ್‌ನಲ್ಲಿ 995 ಕಂಡರೆ ನೀವು ಇನ್ನೂ ಪಾಪ್‌ನಲ್ಲೇ ಇದ್ದೀರಿ. ಎಡಗಡೆ ಎರಡು ಅಕೌಂಟ್ ಒಂದರ ಕೆಳಗೊಂದು ಕಾಣುತ್ತವೆ. ಪಾಪ್ ಇನ್‌ಬಾಕ್ಸ್‌ನಿಂದ ಒಂದಷ್ಟು ಮೇಲ್ ಆರಿಸಿ, ಬಲಬದಿಯ ಕ್ಲಿಕ್‌ನಲ್ಲಿ `Copy To` ಮೂಲಕ ಐಮ್ಯಾಪ್ ಇನ್‌ಬಾಕ್ಸ್‌ಗೆ ಹಾಕಿ. `Move To` ಬೇಡ. ಮಧ್ಯದಲ್ಲಿ ನೆಟ್ ಹೋದರೆ ಏನು ಹೋಯಿತು, ಏನು ಉಳಿಯಿತು ಎಂದು ತಲೆ ಕೆಡುತ್ತದೆ.

ಒಮ್ಮೆಲೇ ಹತ್ತು ವರ್ಷದ್ದನ್ನು ಎಳೆದು ಹಾಕಬೇಡಿ. ಇಲ್ಲಿ ಮೇಲ್ ನಿಮ್ಮ ಕಡೆಯಿಂದ ಸರ್ವರಿಗೆ ಹೋಗಬೇಕು, ನಮ್ಮ ಊರ ಕಡೆಯ ನೆಟ್‌ಗೆ ಅದು ಭಾರ. ಒಂದು ಸಲಕ್ಕೆ ಕೆಲವು ನೂರು ಸಾಕು. ಪ್ರತಿ ಕಂತಿನ ನಂತರ ವೆಬ್‌ಮೇಲ್‌ನಲ್ಲಿ ಬಂದಿದೆಯಾ ನೋಡಿ. ಸರ್ವರಿನಲ್ಲಿ ನಿಮಗೆ ಎಷ್ಟು ಜಾಗ ಇದೆ ಎಂದೂ ಮುಂಚೆ ನೋಡಿಕೊಳ್ಳಿ. ಜಾಗ ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲಬಹುದು. ಜಾಗ ಕಡಿಮೆ ಇದ್ದರೆ ಈ ವರ್ಷದ್ದು ಮಾತ್ರ ಸರ್ವರಿಗೆ ಹಾಕಿ, ಹಳೆಯದನ್ನು `Local Folders`ಗೆ ನಕಲು ಮಾಡಿ. ಅದು ಕಂಪ್ಯೂಟರಿನಲ್ಲೇ ಇರುತ್ತದೆ, ಸರ್ವರಿನಲ್ಲಿ ಏನೇ ಆದರೂ ಅದಕ್ಕೆ ತಾಗುವುದಿಲ್ಲ.

ಎಲ್ಲ ಬಂದ ಮೇಲೂ ಪಾಪ್ ಅಕೌಂಟನ್ನು ತೆಗೆಯಲು ಅವಸರ ಬೇಡ. ತೆಗೆಯುವಾಗ ಮೇಲ್‌ಗಳನ್ನೂ ಅಳಿಸಲಾ ಎಂದು `Remove message data` ಕೇಳುತ್ತದೆ. ಅದಕ್ಕೆ ಟಿಕ್ ಹಾಕಬೇಡಿ.

ಎರಡೂ ಕಡೆ ಪಾಪ್ ಇಟ್ಟುಕೊಂಡರೆ?

ಇಬ್ಬರಿಗೂ ಮೇಲ್ ಸಿಗಬೇಕಾದರೆ ಇಬ್ಬರೂ ಸರ್ವರಿನಲ್ಲಿ ಪ್ರತಿ ಬಿಡಬೇಕು. ಒಬ್ಬರು ತಕ್ಷಣ ಅಳಿಸುವ ಹಾಗೆ ಇಟ್ಟಿದ್ದರೆ ಅಂದಿನ ಮೇಲ್ ಮೊದಲು ತೆರೆದವರ ಪಾಲು. ಕೆಲವು ಮೇಲ್ ಅಣ್ಣನ ಹತ್ತಿರ, ಕೆಲವು ತಮ್ಮನ ಹತ್ತಿರ ಸೇರುತ್ತವೆ. ಇಂಥದ್ದನ್ನು ಸರಿಮಾಡುವುದು ಬಹಳ ಕಷ್ಟ. ಯಾಕೆಂದರೆ ಪೂರ್ತಿ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಕಳಿಸಿದ ಮೇಲ್ ಯಾಕೆ ಇನ್ನೊಂದು ಕಡೆ ಕಾಣಲ್ಲ?

ಪಾಪ್ ಅಕೌಂಟಿನಲ್ಲಿ ಕಳಿಸಿದ್ದರ ಪ್ರತಿ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಐಮ್ಯಾಪ್‌ನಲ್ಲಿ ಅದು ಸರ್ವರಿನ ಸೆಂಟ್ ಫೋಲ್ಡರಿಗೆ ಹೋಗುತ್ತದೆ.

ಮಳೆಗಾಲದಲ್ಲಿ ಮೇಲ್ ಇಳಿಯುತ್ತಿರುವಾಗಲೇ ಕರೆಂಟ್ ಹೋಗುತ್ತೆ. ಮೇಲ್ ಅರ್ಧಕ್ಕೆ ಕಳೆದುಹೋಗುತ್ತಾ?

ಹೋಗುವುದಿಲ್ಲ. ಈ ಒಂದು ವಿಷಯದಲ್ಲಿ ಪಾಪ್ ಮಾಡಿದವರನ್ನು ಮೆಚ್ಚಬೇಕು. ಕಂಪ್ಯೂಟರ್ ಮತ್ತು ಸರ್ವರ್ ನಡುವಿನ ಮಾತು ಹೀಗೆ ನಡೆಯುತ್ತದೆ:

```
RETR 1
DELE 1
QUIT
```

`RETR` ಅಂದರೆ ಒಂದನೇ ಮೇಲ್ ಕೊಡು. `DELE` ಅಂದರೆ ಅದನ್ನು ಅಳಿಸು. ಆದರೆ `DELE` ಬಂದಾಗ ಸರ್ವರ್ ಬರೀ ಗುರುತು ಹಾಕಿಕೊಳ್ಳುತ್ತದೆ. ನಿಜವಾಗಿ ಅಳಿಸುವುದು `QUIT` ಬಂದ ಮೇಲೆ. ಆಗುಂಬೆಯ ಮಳೆಗೆ ಲೈನ್ ನಡುವೆ ಕಡಿದುಹೋದರೆ `QUIT` ಸರ್ವರಿಗೆ ತಲುಪುವುದಿಲ್ಲ. ಅದು ಗುರುತು ಹಾಕಿದ್ದನ್ನೆಲ್ಲ ಬಿಟ್ಟುಬಿಡುತ್ತದೆ, ಒಂದನ್ನೂ ಅಳಿಸುವುದಿಲ್ಲ. 1996ರಿಂದ ಇರುವ ಪಾಪ್‌ನ ಲಿಖಿತ ನಿಯಮವೇ ಹೀಗಿದೆ.

ಇದರ ಇನ್ನೊಂದು ಮುಖ ಎಂದರೆ ಒಂದೇ ಮೇಲ್ ಎರಡೆರಡು ಸಲ ಬರುವುದು. ಯಾವುದನ್ನು ಆಗಲೇ ಇಳಿಸಿದ್ದೇನೆ ಎಂಬ ಪಟ್ಟಿಯನ್ನು ಕಂಪ್ಯೂಟರ್ ಬರೆದಿಡುವ ಮೊದಲೇ ಕರೆಂಟ್ ಹೋಗಿದ್ದರೆ, ಮತ್ತೆ ಆನ್ ಆದಾಗ ಅದೇ ಮೇಲ್‌ಗಳನ್ನು ಹೊಸದೆಂದು ಇಳಿಸುತ್ತದೆ. ಜೂನ್, ಜುಲೈನಲ್ಲಿ "ಎಲ್ಲಾ ಮೇಲ್ ಡಬಲ್ ಆಗಿದೆ" ಎಂದು ಫೋನ್ ಬಂದರೆ ಮೊದಲು ಕೇಳುವುದೇ ಯುಪಿಎಸ್ ಬ್ಯಾಟರಿ ಹೇಗಿದೆ ಎಂದು.

ಐಮ್ಯಾಪ್‌ನಲ್ಲಿ ನೆಟ್ ಇಲ್ಲದಿರುವಾಗ ಬೇರೆ ತಮಾಷೆ ಆಗುತ್ತದೆ. ಹುಲಿಕಲ್ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕೂತು ಬೇಜಾರಿಗೆ ಒಂದಷ್ಟು ಮೇಲ್ ಅಳಿಸುತ್ತೀರಿ. ಸಿಗ್ನಲ್ ಇಲ್ಲ, ಹಾಗಾಗಿ ಆಫೀಸಿನಲ್ಲಿ ಏನೂ ಆಗಿಲ್ಲ. ಫೋನ್ ಆ ಆಜ್ಞೆಗಳನ್ನು ಇಟ್ಟುಕೊಂಡಿರುತ್ತದೆ. ಕೆಳಗೆ ಹೋಗಿ ಸಿಗ್ನಲ್ ಸಿಕ್ಕ ಕೂಡಲೇ ಎಲ್ಲವನ್ನೂ ಸರ್ವರಿಗೆ ಕಳಿಸುತ್ತದೆ. ಆಫೀಸಿನವರ ಕಣ್ಣೆದುರೇ ಮೇಲ್‌ಗಳು ಒಂದೊಂದಾಗಿ ಹೋಗುತ್ತವೆ. ನೀವು ಅಳಿಸಿದ ಹೊತ್ತಿಗೂ ಅವರಿಗೆ ಗೊತ್ತಾದ ಹೊತ್ತಿಗೂ ಗಂಟೆಗಟ್ಟಲೆ ಅಂತರ ಇರಬಹುದು. ಕಾರಣ ಹುಡುಕುವಾಗ ಇದು ನೆನಪಿರಲಿ.

ನಮ್ಮದು ಜಿಮೇಲ್. ಅದಕ್ಕೂ ಇದೇ ಲೆಕ್ಕವಾ?

ಐಮ್ಯಾಪ್ ಮಟ್ಟಿಗೆ ಹೆಚ್ಚುಕಡಿಮೆ ಇದೇ. ಪಾಪ್‌ನಲ್ಲಿ ಜಿಮೇಲ್ ತನ್ನದೇ ದಾರಿ ಹಿಡಿದಿದೆ. ಪಾಪ್‌ನಲ್ಲಿ ಇಳಿಸಿಕೊಂಡ ಮೇಲೆ ಸರ್ವರಿನ ಪ್ರತಿಯನ್ನು ಏನು ಮಾಡಬೇಕು ಎಂಬುದನ್ನು ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲೇ ಹೇಳಬೇಕು. ಬ್ರೌಸರಿನಲ್ಲಿ `Forwarding and POP/IMAP` ತೆರೆಯಿರಿ. ಇನ್‌ಬಾಕ್ಸ್‌ನಲ್ಲೇ ಇಡು, ಓದಿದ ಗುರುತು ಹಾಕು, ಆರ್ಕೈವ್ ಮಾಡು, ಅಳಿಸು ಎಂಬ ನಾಲ್ಕು ಆಯ್ಕೆಗಳಿವೆ. ಕಂಪ್ಯೂಟರಿನ ಟಿಕ್ ನೋಡಿ ಏನೂ ಸಿಗದಿದ್ದರೆ ಇಲ್ಲಿ ನೋಡಿ. ಆರ್ಕೈವ್ ಎಂದಿದ್ದರೆ ಮೇಲ್ ಇನ್‌ಬಾಕ್ಸ್‌ನಿಂದ ಮಾತ್ರ ಹೋಗಿ `All Mail`ನಲ್ಲಿ ಇರುತ್ತದೆ. "ಹುಡುಕಿದರೆ ಸಿಗುತ್ತೆ, ಇನ್‌ಬಾಕ್ಸ್‌ನಲ್ಲಿ ಕಾಣಲ್ಲ" ಎನ್ನುವ ದೂರಿಗೆ ಇದೂ ಒಂದು ಕಾರಣ.

ಅಳಿಸಿದ ಮೇಲ್ ಮೇಲೆ ಗೆರೆ ಎಳೆದ ಹಾಗೆ ಕಾಣ್ತಿದೆ, ಹೋಗ್ತಾನೇ ಇಲ್ಲ. ಏನಿದು?

ಐಮ್ಯಾಪ್‌ನಲ್ಲಿ ಅಳಿಸುವುದಕ್ಕೆ ಎರಡು ಹಂತ. ಮೊದಲು ಅಳಿಸಬೇಕಾದ್ದು ಎಂಬ ಗುರುತು, ಆಮೇಲೆ ಗುರುತು ಇದ್ದದ್ದನ್ನೆಲ್ಲ ನಿಜವಾಗಿ ತೆಗೆಯುವುದು. ನಿಮ್ಮ ಪ್ರೋಗ್ರಾಮ್ ಮೊದಲ ಹಂತಕ್ಕೇ ನಿಂತಿದೆ. ಥಂಡರ್‌ಬರ್ಡ್‌ನ ಐಮ್ಯಾಪ್ ಅಕೌಂಟಿನ `Server Settings`ನಲ್ಲಿ `Just mark it as deleted` ಎಂದಿದ್ದರೆ ಹೀಗಾಗುತ್ತದೆ. ಅದನ್ನು ಟ್ರ್ಯಾಶ್ ಫೋಲ್ಡರಿಗೆ ಹಾಕುವ ಆಯ್ಕೆಗೆ ಬದಲಾಯಿಸಿ. ಪಕ್ಕದಲ್ಲೇ `Remove it immediately` ಇದೆ. ಅದನ್ನು ಆರಿಸಿದರೆ ಟ್ರ್ಯಾಶ್‌ನಿಂದ ವಾಪಸ್ ತರುವ ಅವಕಾಶವೂ ಇಲ್ಲ.

ಹಾಗಾದರೆ ಪಾಪ್ ಯಾರೂ ಇಟ್ಟುಕೊಳ್ಳಬಾರದಾ?

ಹಾಗೇನಿಲ್ಲ. ಒಂದೇ ಕಂಪ್ಯೂಟರ್, ಒಬ್ಬರೇ ನೋಡುವವರು, ಸರ್ವರಿನಲ್ಲಿ ಜಾಗ ತೀರಾ ಕಡಿಮೆ ಇದ್ದರೆ ಪಾಪ್ ಚೆನ್ನಾಗಿಯೇ ನಡೆಯುತ್ತದೆ. ಆಗ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಲ್ಲಿರುವುದೇ ಏಕೈಕ ಪ್ರತಿ. ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ನಕಲು ತೆಗೆಯುವ ಶಿಸ್ತು ಬೇಕು. ಫೋನೂ ಸೇರಿಕೊಂಡರೆ ನಾವು ಐಮ್ಯಾಪ್ ಬಿಟ್ಟು ಬೇರೆ ಹಾಕುವುದಿಲ್ಲ.

ಆದರೆ ಐಮ್ಯಾಪ್ ಇದೆ ಎಂದ ಮಾತ್ರಕ್ಕೆ ಬ್ಯಾಕಪ್ ಆಯಿತು ಅಂತಲ್ಲ. ಮೂರು ಯಂತ್ರದಲ್ಲಿ ಮೇಲ್ ಕಾಣುತ್ತಿದ್ದರೂ ಅಸಲು ಒಂದೇ. ಒಬ್ಬರು ಅಳಿಸಿ ಟ್ರ್ಯಾಶ್ ಖಾಲಿ ಮಾಡಿದರೆ ಮೂರರಿಂದಲೂ ಹೋಗುತ್ತದೆ. ಅಡ್ವಾನ್ಸ್ ಪಡೆದದ್ದು, ಬಿಲ್, ಒಪ್ಪಂದದ ಮೇಲ್‌ಗಳನ್ನು ತಿಂಗಳಿಗೊಮ್ಮೆ `Local Folders`ಗೆ ನಕಲು ಮಾಡಿಟ್ಟುಕೊಳ್ಳಿ.